ಹನ್ನೊಂದೂವರೆಗೆ ಗೇಟಿನಲ್ಲಿ ಯಾರಿದ್ದರು

ನಮ್ಮ ಅಪಾರ್ಟ್‌ಮೆಂಟಿನ ಗೇಟಿನಲ್ಲಿದ್ದ ಪುಸ್ತಕದ ಪ್ರಕಾರ, ಆ ಬುಧವಾರ ಬೆಳಿಗ್ಗೆ ಹನ್ನೊಂದೂವರೆಗೆ ನನ್ನನ್ನು ನೋಡಲು ನಾನೇ ಬಂದಿದ್ದೆ. ಬಂದವರ ಹೆಸರು ಎಂಬಲ್ಲಿ ನನ್ನ ಹೆಸರಿತ್ತು. ಯಾರನ್ನು ನೋಡಲು ಎಂಬಲ್ಲಿಯೂ ನನ್ನ ಹೆಸರಿತ್ತು. ಹನ್ನೆರಡಕ್ಕೆ ನಾನು ನನ್ನಿಂದ ಬೀಳ್ಕೊಂಡು ಹೊರಗೆ ಹೋಗಿದ್ದೆ. ಸಹಿಯೂ ಇತ್ತು. ನನ್ನದಲ್ಲದ ಆ ಸಹಿ ನನ್ನ ಸಹಿಗಿಂತ ಅಂದವಾಗಿತ್ತು.

ಅದೇ ಹನ್ನೊಂದೂವರೆಗೆ ನಮ್ಮ ಕೆಳಮನೆಯ ಅಜ್ಜಿ ಆ ಗೇಟನ್ನು ದಾಟಿ ಹೊರಗೆ ನಡೆದುಹೋಗಿದ್ದರು. ಅದು ಪುಸ್ತಕದಲ್ಲಿ ಇರಲಿಲ್ಲ.

ಚಳ್ಳಕೆರೆಯಲ್ಲಿ ಅಪಾರ್ಟ್‌ಮೆಂಟ್ ಎಂದರೆ ಈಗಲೂ ಜನ ಒಮ್ಮೆ ತಿರುಗಿ ನೋಡುತ್ತಾರೆ. ಕುದಾಪುರದ ಕಡೆ ಸಂಶೋಧನಾ ಸಂಸ್ಥೆಗಳು ಬಂದ ಮೇಲೆ, ಅಲ್ಲಿನ ನೌಕರರು ಬಾಡಿಗೆಗೆ ಬರುತ್ತಾರೆಂಬ ಲೆಕ್ಕದಲ್ಲಿ ಕಟ್ಟಿದ ಎರಡು ಬ್ಲಾಕು ನಮ್ಮದು. ನೌಕರರು ಕೆಲವರು ಬಂದರು. ಉಳಿದ ಮನೆಗಳನ್ನು ಊರಿನವರೇ ಕೊಂಡರು: ಎಣ್ಣೆ ಮಿಲ್ಲಿನವರು, ಬಟ್ಟೆ ಅಂಗಡಿಯವರು, ನಿವೃತ್ತರು. ನಾನು ಮೂರನೆಯ ಗುಂಪಿನವನು. ಜಿಲ್ಲಾ ಪತ್ರಿಕೆಯೊಂದರ ಡೆಸ್ಕಿನಲ್ಲಿ ಬಹಳ ವರ್ಷ ಬೇರೆಯವರ ವಾಕ್ಯಗಳನ್ನು ತಿದ್ದಿ, ಕಡೆಗೆ ಮೊದಲ ಮಹಡಿಯಲ್ಲಿ ಒಂದು ಮನೆ ಕೊಂಡವನು.

ನನ್ನ ಕೆಳಗಿನ ಮನೆ ಬಳ್ಳಾರಿ ರಸ್ತೆಯಲ್ಲಿ ಬೈಕ್ ಗ್ಯಾರೇಜ್ ಇಟ್ಟಿರುವ ಮೆಕ್ಯಾನಿಕ್‌ನದು. ಅವನು, ಅವನ ಹೆಂಡತಿ, ಅವನ ತಾಯಿ. ತಾಯಿಗೆ ಎಂಬತ್ತರ ಹತ್ತಿರ, ನೆನಪು ಕೈಕೊಟ್ಟಿತ್ತು. ದಿನವೂ ಬೆಳಿಗ್ಗೆ ಒಂದು ಹೊತ್ತಿಗೆ ಮಗನನ್ನು ಶಾಲೆಯಿಂದ ಕರೆತರಬೇಕು ಎಂದು ಎದ್ದುಬಿಡುತ್ತಿದ್ದರು. ಮಗನಿಗೆ ಐವತ್ತೆರಡು. ಪೇಟೆಯ ಗಲ್ಲಿಯಲ್ಲಿದ್ದ ಮನೆಯ ಬಾಗಿಲು ನೇರ ರಸ್ತೆಗೇ ತೆರೆದುಕೊಳ್ಳುತ್ತಿತ್ತು ಎಂಬ ಒಂದೇ ಕಾರಣಕ್ಕೆ ಅವನು ಅದನ್ನು ಮಾರಿ ಇಲ್ಲಿಗೆ ಬಂದಿದ್ದ. ಇಲ್ಲಿ ಕಾಂಪೌಂಡ್ ಇದೆ, ಗೇಟಿದೆ, ಗೇಟಿನಲ್ಲಿ ಹಗಲಿಗೆ ಇಬ್ಬರು, ರಾತ್ರಿಗೆ ಇಬ್ಬರು ಕಾವಲಿನವರು ಎಂದು ಮಾರಾಟದ ಕಾಗದದಲ್ಲೇ ಬರೆದಿತ್ತು. ಅಜ್ಜಿ ಕಾಂಪೌಂಡಿನೊಳಗೆ ಎಷ್ಟು ಬೇಕಾದರೂ ಓಡಾಡಲಿ, ಗೇಟಿನವರು ಹೊರಗೆ ಬಿಡದಿದ್ದರೆ ಸಾಕು. ಅವನು ಕೇಳಿಕೊಂಡದ್ದು ಅಷ್ಟೇ.

ಬುಧವಾರ ಅಜ್ಜಿ ಸಿಕ್ಕಿದ್ದು ಸಂಜೆ ನಾಲ್ಕಕ್ಕೆ, ಪರಶುರಾಂಪುರದ ರಸ್ತೆಯಲ್ಲಿ. ಈರುಳ್ಳಿ ಇಳಿಸಿ ವಾಪಸು ಹೋಗುತ್ತಿದ್ದ ಟ್ರ್ಯಾಕ್ಟರಿನವನೊಬ್ಬ, ಬೇಲಿಯ ನೆರಳಿನಲ್ಲಿ ಒಂದೇ ಚಪ್ಪಲಿ ಹಾಕಿಕೊಂಡು ಕುಳಿತಿದ್ದವರನ್ನು ನೋಡಿ ಗುರುತು ಹಿಡಿದ. ಅವನ ಬೈಕು ಅದೇ ಗ್ಯಾರೇಜಿನಲ್ಲಿ ರಿಪೇರಿಯಾಗುತ್ತಿತ್ತು. ಟ್ರೇಲರಿನಲ್ಲಿ ಗೋಣಿತಾಟು ಹಾಸಿ ಕೂರಿಸಿಕೊಂಡು ಬಂದ. ಅವನು ಗೇಟಿನೊಳಗೆ ಟ್ರ್ಯಾಕ್ಟರ್ ತಂದು ನಿಲ್ಲಿಸಿದಾಗಲೂ ಅವನನ್ನು ಯಾರೂ ಏನೂ ಕೇಳಲಿಲ್ಲ.

ಮರುದಿನ ಅಜ್ಜಿಯ ಮನೆಯ ಬಾಗಿಲಿಗೆ ಹೊರಗಿನಿಂದ ಚಿಲಕ ಬಂತು. ಹಾಕಿಸಿದವರು ಸೊಸೆ. ಅವರೇನು ಕಟುಕರಲ್ಲ. ಮನೆಯಲ್ಲೇ ಹೊಲಿಗೆ ಮಾಡುವವರು. ಅಳತೆ ತೆಗೆದುಕೊಳ್ಳಲು, ದಾರ ತರಲು ದಿನಕ್ಕೆ ನಾಲ್ಕು ಸಲ ಹೊರಗೆ ಹೋಗಬೇಕು. ಬೆಳಿಗ್ಗೆ ಹನ್ನೊಂದರ ನಂತರ ಒಳಗಿನಿಂದ ಅಜ್ಜಿ ಬಾಗಿಲು ಬಡಿಯುವ ಸದ್ದು ನನ್ನ ಮನೆಗೆ ಕೇಳುತ್ತಿತ್ತು. ಜೋರಾಗಿ ಅಲ್ಲ, ಶಾಲೆ ಬಿಡುವ ಹೊತ್ತಾಯಿತು, ಸ್ವಲ್ಪ ಬಾಗಿಲು ತೆಗೆಯಿರಿ ಎಂಬಷ್ಟೇ.

ಮೆಕ್ಯಾನಿಕ್ ಮೇಲೆ ಬಂದ. ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತ.

"ಸಾರ್, ನೀವು ಪೇಪರ್‌ನಾಗಿದ್ದೋರು. ಸಂಘಕ್ಕೆ ಒಂದು ಅರ್ಜಿ ಬರ್ದುಕೊಡ್ರಿ. ಈ ಸೆಕ್ಯೂರಿಟಿಯೋರ್ನ ತೆಗೀಬೇಕು."

"ಬಾಯಲ್ಲಿ ಹೇಳಿದ್ಯಾ?"

"ಮೂರು ಸತಿ ಹೇಳೀನಿ ಸಾರ್. ಸೆಕ್ರೆಟರಿ ಯಜಮಾನ್ರು, ‘ಹೇಳ್ತೀನಿ ಬಿಡಪ್ಪ’ ಅಂತಾರೆ. ಯಾರಿಗೆ ಹೇಳ್ತಾರೋ ಅಲ್ಲಾನೇ ಬಲ್ಲ."

ಬರೆಯುವ ಮುಂಚೆ ದಾಖಲೆ ನೋಡುವುದು ನನ್ನ ಅಭ್ಯಾಸ. ಗೇಟಿಗೆ ಹೋಗಿ ಬಂದುಹೋದವರ ಪುಸ್ತಕ ಕೇಳಿದೆ. ಕಾವಲಿನವನು ಏಕೆ ಎಂದು ಕೇಳದೆ ಕೊಟ್ಟ. ಕುರ್ಚಿಯನ್ನೂ ಕೊಟ್ಟು ಟೀ ಕುಡಿಯಲು ಹೋದ. ಅರ್ಧ ಗಂಟೆ ಗೇಟನ್ನು ನಾನು ಕಾದೆ.

ಪುಸ್ತಕದ ಗುಟ್ಟು ಬೇಗ ತಿಳಿಯಿತು. ನಮ್ಮ ಊರಿನಲ್ಲಿ ಪರಿಚಯದವರನ್ನು ಗೇಟಿನಲ್ಲಿ ನಿಲ್ಲಿಸಿ ‘ಯಾರು ನೀವು’ ಎಂದು ಕೇಳುವುದು ಅವಮಾನ. ಪರಿಚಯವಿಲ್ಲದವರು ಇಲ್ಲಿ ಕಡಿಮೆ. ಸೆಕ್ರೆಟರಿಯ ಬೀಗರನ್ನು ಒಮ್ಮೆ ನಿಲ್ಲಿಸಿ ಹೆಸರು ಕೇಳಿದ್ದಕ್ಕೆ ಒಬ್ಬ ಕಾವಲಿನವನಿಗೆ ಬೈಗುಳ ಬಿದ್ದಿತ್ತು. ಅಂದಿನಿಂದ ಯಾರನ್ನೂ ಕೇಳುವುದಿಲ್ಲ. ಆದರೆ ತಿಂಗಳ ಕೊನೆಗೆ, ಕಾವಲಿನವರನ್ನು ಕಳಿಸುವ ಏಜೆನ್ಸಿಯ ಸೂಪರ್‌ವೈಸರ್ ಬಂದಾಗ ಪುಸ್ತಕ ತುಂಬಿರಬೇಕು. ಆದ್ದರಿಂದ ಸಂಜೆ ಕುಳಿತು, ಕೆಳಗೆ ತೂಗುಹಾಕಿದ ಮಾಲೀಕರ ಹೆಸರಿನ ಬೋರ್ಡು ನೋಡಿಕೊಂಡು, ಒಂದೇ ಪೆನ್ನಿನಲ್ಲಿ ಇಡೀ ದಿನವನ್ನು ಬರೆದು ಮುಗಿಸುತ್ತಿದ್ದರು. ಬೋರ್ಡಿನಲ್ಲಿ ಇದ್ದವರೇ ಬಂದವರು, ಬೋರ್ಡಿನಲ್ಲಿ ಇದ್ದವರೇ ಭೇಟಿಯಾದವರು. ನಮ್ಮ ಸಂಘದ ಅಧ್ಯಕ್ಷೆ, ನಿವೃತ್ತ ಮುಖ್ಯೋಪಾಧ್ಯಾಯಿನಿ, ಆ ವಾರದಲ್ಲಿ ತಮ್ಮನ್ನು ಐದು ಸಲ ಭೇಟಿ ಮಾಡಿದ್ದರು. ಮಾರಾಟವಾಗದೆ ಬೀಗ ಬಿದ್ದಿದ್ದ ಒಂದು ಮನೆಗೂ ಒಬ್ಬರು ಬಂದು ಒಂದು ಗಂಟೆ ಇದ್ದು ಹೋಗಿದ್ದರು.

ಸುಳ್ಳು ಹೇಳುವುದಕ್ಕೂ ಸ್ವಲ್ಪ ಶ್ರಮ ಬೇಕು. ಇವರು ಅಷ್ಟನ್ನೂ ಪಟ್ಟಿರಲಿಲ್ಲ.

ಹಾಜರಿ ಪುಸ್ತಕ ಬೇರೆ. ಅದರ ಪ್ರಕಾರ ಬುಧವಾರ ಹಗಲು ಇಬ್ಬರೂ ಗೇಟಿನಲ್ಲಿದ್ದರು. ಕೆಳಗೆ ಸೆಕ್ರೆಟರಿಯ ಸಹಿ. ಏಜೆನ್ಸಿಯ ಬಿಲ್ಲು ಪಾಸಾಗುವುದು ಆ ಸಹಿಯ ಮೇಲೆಯೇ.

ಒಪ್ಪಂದದ ಪ್ರತಿಯನ್ನು ಅಧ್ಯಕ್ಷೆಯಿಂದ ತಂದು ಓದಿದೆ. ಮೆಕ್ಯಾನಿಕ್ ಆಗಲಿ ನಾನಾಗಲಿ ಏಜೆನ್ಸಿಯನ್ನು ತೆಗೆಯುವಂತಿಲ್ಲ. ಒಪ್ಪಂದ ಇರುವುದು ಸಂಘ ಮತ್ತು ಏಜೆನ್ಸಿಯ ನಡುವೆ. ಸಂಘವೇ ತೀರ್ಮಾನ ಮಾಡಿ ಬರೆಯಬೇಕು. ಸೇವೆ ಸರಿಯಿಲ್ಲದಿದ್ದರೆ ಮೊದಲು ಲಿಖಿತವಾಗಿ ತಿಳಿಸಿ, ಸರಿಪಡಿಸಲು ಹದಿನೈದು ದಿನ ಕೊಡಬೇಕು. ಆಮೇಲೂ ಸರಿಹೋಗದಿದ್ದರೆ ಒಂದು ತಿಂಗಳ ನೋಟಿಸು. ಇನ್ನೊಂದು ಸಾಲೂ ಇತ್ತು: ‘ಬದಲಿ ಬರುವವರೆಗೆ ಗೇಟನ್ನು ಖಾಲಿ ಬಿಡತಕ್ಕದ್ದಲ್ಲ.’ ನನಗೆ ಬೇಕಾಗಿದ್ದುದು ಆ ಸಾಲು.

ಪತ್ರ ಒಂದು ಪುಟ. ಅದರಲ್ಲಿ ‘ಬೇಜವಾಬ್ದಾರಿ’, ‘ಅಕ್ಷಮ್ಯ’, ‘ಕಳವಳಕಾರಿ’ ಯಾವುದೂ ಇರಲಿಲ್ಲ. ಆ ದಿನ ಇಂಥ ಹೊತ್ತಿಗೆ ಗೇಟು ಖಾಲಿ ಇತ್ತು, ಅದೇ ಹೊತ್ತಿಗೆ ಪುಸ್ತಕದಲ್ಲಿ ಇಂಥವರು ಬಂದಿದ್ದಾರೆಂದಿದೆ, ಅವರು ಬಂದಿಲ್ಲ, ಒಬ್ಬ ನಿವಾಸಿ ಹೊರಗೆ ಹೋಗಿ ನಾಲ್ಕೂವರೆ ಗಂಟೆ ಪತ್ತೆ ಇರಲಿಲ್ಲ. ಏಜೆನ್ಸಿಗೆ ಒಪ್ಪಂದದ ಪ್ರಕಾರ ತಿಳಿವಳಿಕೆ ಪತ್ರ ಕಳಿಸಬೇಕು, ಸರಿಹೋಗದಿದ್ದರೆ ಒಪ್ಪಂದ ಕೊನೆಗೊಳಿಸಬೇಕು. ಪುಸ್ತಕದ ಪುಟಗಳ ಫೋಟೊ ಲಗತ್ತಿಸಿದೆ. ಮೆಕ್ಯಾನಿಕ್ ಓದಿಸಿಕೊಂಡು ಕೇಳಿದ.

"ಸ್ವಲ್ಪಾನೂ ಬೈದಿಲ್ವಲ್ಲ ಸಾರ್."

"ಬೈದ್ರೆ ಬೈಗುಳಕ್ಕೆ ಉತ್ತರ ಕೊಡ್ತಾರೆ. ಇದಕ್ಕೆ ಏನು ಕೊಡ್ತಾರೆ ನೋಡೋಣ."

ಸೆಕ್ರೆಟರಿ ಶೇಂಗಾ ಎಣ್ಣೆ ಮಿಲ್ಲಿನ ಮಾಲೀಕರು. ವಿಭೂತಿ, ಬಿಳಿ ಅಂಗಿ, ಒಳ್ಳೆಯ ನಗು. ಪತ್ರವನ್ನು ಎರಡು ಸಲ ಓದಿ, ಸ್ವೀಕರಿಸಿದ್ದಕ್ಕೆ ಸಹಿ ಹಾಕಿಕೊಟ್ಟರು.

"ಇಷ್ಟಕ್ಕೆಲ್ಲ ಪತ್ರ ಯಾಕ್ರೀ? ನಾವೆಲ್ಲ ಒಂದೇ ಮನೇರು."

"ಒಂದೇ ಮನೆಯಾದ್ರೆ ಗೇಟಿಗೆ ಏಜೆನ್ಸಿ ಯಾಕ್ರೀ ಯಜಮಾನ್ರೇ?" ಎಂದೆ.

ಅವರು ನಕ್ಕರು. ನಗುವುದು ಅವರಿಗೆ ಉತ್ತರ ಕೊಡುವುದಕ್ಕಿಂತ ಸುಲಭ.

ತಿಳಿವಳಿಕೆ ಪತ್ರವನ್ನು ಅಧ್ಯಕ್ಷೆ ಒತ್ತಾಯ ಮಾಡಿ ಕಳಿಸಿದರು. ಐದನೆಯ ದಿನ ಮೊಳಕಾಲ್ಮೂರಿನಿಂದ ಸೂಪರ್‌ವೈಸರ್ ಬಂದ. ಏಜೆನ್ಸಿಯ ಕಚೇರಿ ಅಲ್ಲಿಯದು. ಕಾವಲಿನವರೂ ಗಡಿಯ ಆಚೀಚೆಯ ಹಳ್ಳಿಗಳವರು. ಸೂಪರ್‌ವೈಸರ್ ಗೇಟಿನಲ್ಲಿದ್ದವರನ್ನು ಎಲ್ಲರ ಮುಂದೆ ತೆಲುಗಿನಲ್ಲಿ ಬೈದ. ಹೊಸ ಸೀಟಿ ಕೊಟ್ಟ. ‘ಇಪ್ಪತ್ನಾಲ್ಕು ಗಂಟೆ ಕಾವಲಿದೆ’ ಎಂಬ ಬೋರ್ಡನ್ನು ಗೇಟಿಗೆ ತಂತಿಯಲ್ಲಿ ಕಟ್ಟಿಸಿದ. ಇನ್ನೊಂದು ಹೊಸ ಪುಸ್ತಕವನ್ನೂ ತಂದಿದ್ದ. ಇದನ್ನೆಲ್ಲ ‘ಕೈಗೊಂಡ ಸುಧಾರಣಾ ಕ್ರಮಗಳು’ ಎಂದು ಸಂಘಕ್ಕೆ ಉತ್ತರ ಬರೆದ. ಹೊಸ ಪುಸ್ತಕದ ಮೊದಲ ಪುಟದಲ್ಲೇ ಅಧ್ಯಕ್ಷೆ ತಮ್ಮನ್ನು ನೋಡಲು ಬಂದಿದ್ದರು.

ಇಷ್ಟಾದರೂ ಇಬ್ಬರಿರಬೇಕಾದ ಗೇಟಿನಲ್ಲಿ ಯಾವಾಗಲೂ ಒಬ್ಬನೇ ಏಕೆ ಕಾಣುತ್ತಾನೆ ಎಂಬುದು ನನಗೆ ಹೊಳೆದಿರಲಿಲ್ಲ. ಇಷ್ಟು ವರ್ಷ ಡೆಸ್ಕಿನಲ್ಲಿ ಕೂತವನಿಗೆ ಇದು ಹೇಳಿಕೊಳ್ಳುವ ಸಂಗತಿಯಲ್ಲ. ಹೊಳೆದದ್ದು ಮೆಕ್ಯಾನಿಕ್‌ಗೆ. ಸೆಕ್ರೆಟರಿಯ ಸ್ಕೂಟರ್ ಸ್ಟಾರ್ಟ್ ಆಗುತ್ತಿಲ್ಲವೆಂದು ಅವನನ್ನು ಮಿಲ್ಲಿಗೆ ಕರೆಸಿದ್ದರು. ಮಿಲ್ಲಿನ ಗೇಟಿನಲ್ಲಿ, ತೂಕದ ಕಟ್ಟೆಯ ಪಕ್ಕ, ನಮ್ಮ ಅಪಾರ್ಟ್‌ಮೆಂಟಿನ ಹೆಸರು ಹೊಲಿದ ಯೂನಿಫಾರ್ಮಿನಲ್ಲಿ ನಮ್ಮ ಎರಡನೆಯ ಕಾವಲಿನವನು ಕುಳಿತು ಬರುವ ಲಾರಿಗಳ ನಂಬರು ಬರೆದುಕೊಳ್ಳುತ್ತಿದ್ದ.

"ಲೇ, ನೀನಿಲ್ಲಿ ಏನ್ ಮಾಡ್ತೀಯಾ?"

"ಇಕ್ಕಡೇ ಡ್ಯೂಟಿ ಹಾಕ್ಯಾರೆ ಅಣ್ಣಾ. ಬಂದಾಗಿಂದ ಇಲ್ಲೇ."

"ಅಲ್ಲಿ ಸಹಿ ಯಾರು ಹಾಕ್ತಾರೆ?"

"ನಾನೇ. ಬೆಳಿಗ್ಗೆ ಹಾಕಿ ಬರ್ತೀನಿ."

ಅಲ್ಲಿ ಅವನು ಲಾರಿಗಳ ನಂಬರನ್ನು ತಪ್ಪದೆ ಬರೆಯುತ್ತಿದ್ದ ಎಂದು ಮೆಕ್ಯಾನಿಕ್ ಹೇಳಿದ. ನನಗೆ ಉಳಿದೆಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿದ್ದು ಅದು. ಶೇಂಗಾ ಮೂಟೆಯ ಲೆಕ್ಕ ಇಡಲು ಅವನಿಗೆ ಬರುತ್ತಿತ್ತು. ಅಂದರೆ ಇಡಿಸುವವರಿದ್ದರು.

ಹದಿನೈದು ದಿನ ಮುಗಿದ ಮೇಲೆ ಎರಡನೆಯ ಪತ್ರ ಬರೆದೆ. ಇದು ವಿಶೇಷ ಸಭೆ ಕರೆಯಬೇಕೆಂಬ ಕೋರಿಕೆ. ಬೈಲಾ ಕೇಳುವಷ್ಟು ಮಾಲೀಕರ ಸಹಿ ಬೇಕು. ಮನೆಮನೆಗೆ ಮೆಕ್ಯಾನಿಕ್ ಮತ್ತು ನಾನು ಹೋದೆವು. ಕುದಾಪುರದ ನೌಕರರು ಕೂಡಲೇ ಸಹಿ ಹಾಕಿದರು. ಅವರಿಗೆ ಈ ಊರಿನಲ್ಲಿ ಬೀಗರಿಲ್ಲ. ಊರಿನವರು ಕಾಫಿ ಕೊಟ್ಟರು, ಅಜ್ಜಿಯ ವಿಷಯಕ್ಕೆ ನೊಂದುಕೊಂಡರು, ಸಹಿಯ ವಿಷಯಕ್ಕೆ ನಾಳೆ ಬನ್ನಿ ಎಂದರು. ಒಬ್ಬರು, "ಸಹಿ ಹಾಕ್ತೀನಿ, ಆದ್ರೆ ನಂದು ಕೊನೇಲಿರ್ಲಿ" ಎಂದರು. ಮೂವರು ಹೀಗೆಂದರು. ಕೊನೆಯ ಜಾಗ ಒಂದೇ ಇರುತ್ತದೆ. ಕಡೆಗೆ ಕಾಗದದ ಮೇಲೆ ಒಂದು ದೊಡ್ಡ ವೃತ್ತ ಬರೆದು, ಅದರ ಸುತ್ತ ಸಹಿ ಹಾಕಿಸಿದೆ. ಮೊದಲಿಗರಿಲ್ಲ, ಕೊನೆಯವರಿಲ್ಲ. ಒಂದೇ ಮಧ್ಯಾಹ್ನದಲ್ಲಿ ಸಹಿಗಳು ಭರ್ತಿಯಾದವು. ನಮ್ಮ ಜನರ ಧೈರ್ಯದ ಆಕಾರ ಅದು.

ಸಭೆ ಭಾನುವಾರ ಬೆಳಿಗ್ಗೆ, ಕಾರು ನಿಲ್ಲಿಸುವ ಜಾಗದಲ್ಲಿ. ಅಧ್ಯಕ್ಷೆ ಕಾರ್ಯಸೂಚಿ ಓದಿದರು. ನಡಾವಳಿ ಬರೆಯುವುದು ಬೈಲಾ ಪ್ರಕಾರ ಸೆಕ್ರೆಟರಿಯ ಕೆಲಸ. ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕುಳಿತರು.

ಬಟ್ಟೆ ಅಂಗಡಿಯವರು ಮೊದಲು ಮಾತಾಡಿದರು.

"ಒಂದು ಮಾತು ಹೇಳ್ತೀನಿ, ಬೇಜಾರ್ ಮಾಡ್ಕಬೇಡ್ರಿ. ಅಜ್ಜಿನ ನೋಡ್ಕಳ್ಳಾದು ಮನೇರ ಕೆಲ್ಸ. ವಾಚ್‌ಮನ್ ಏನು ಆಯಾನಾ?"

ಮೆಕ್ಯಾನಿಕ್ ತಲೆ ತಗ್ಗಿಸಿದ. ಅವನ ಹೆಂಡತಿ, ಹಿಂದಿನ ಸಾಲಿನಲ್ಲಿ ಸೆರಗು ಹೊದ್ದು ಕೂತಿದ್ದವರು, ಕೂತಲ್ಲಿಂದಲೇ ಹೇಳಿದರು.

"ನೋಡ್ಕಳ್ರಿ ಅಂತ ಯಾರು ಅಂದ್ರಣ್ಣಾ? ಗೇಟ್‌ನಾಗೆ ಇರ್ರಿ ಅಂದ್ವಿ. ಇದ್ದಿದ್ರೆ ಸಾಕಿತ್ತು."

ಬಟ್ಟೆ ಅಂಗಡಿಯವರಿಗೆ ಕೆಮ್ಮು ಬಂತು.

ಸೆಕ್ರೆಟರಿ ಸಮಾಧಾನದ ದನಿಯಲ್ಲಿ ಶುರುಮಾಡಿದರು. "ಪಾಪ, ಬಡವ್ರು. ಹೊಟ್ಟೆ ಮೇಲೆ ಹೊಡೆಯೋದು ನಮ್ ಸಂಸ್ಕೃತಿ ಅಲ್ಲ. ಹೊಸಬ್ರು ಬಂದ್ರೆ ಅವ್ರೇನು ಬೃಹಸ್ಪತಿಗಳಾ?"

ಬಡವರ ಹೊಟ್ಟೆಯನ್ನು ಹೀಗೆ ಅಡ್ಡ ಹಿಡಿಯುವುದನ್ನು ನಾನು ವೃತ್ತಿಯಲ್ಲಿ ಬಹಳ ಸಲ ಕೇಳಿದ್ದೇನೆ. ಹಿಡಿದವರ ಹೊಟ್ಟೆ ಯಾವಾಗಲೂ ತುಂಬಿರುತ್ತದೆ. ಒಪ್ಪಂದ ಏಜೆನ್ಸಿಯ ಜೊತೆ, ಕೆಲಸಗಾರರ ಜೊತೆಯಲ್ಲ ಎಂದಷ್ಟೇ ಹೇಳಿ, ಹಾಜರಿ ಪುಸ್ತಕವನ್ನು ಅಧ್ಯಕ್ಷೆಯ ಮುಂದಿಟ್ಟೆ. ಮಿಲ್ಲಿನ ವಿಷಯ ನಾನು ಎತ್ತಲಿಲ್ಲ. ನಾನು ಕಣ್ಣಾರೆ ಕಂಡದ್ದಲ್ಲ. ಕಂಡವನು ಅದೇ ಮಿಲ್ಲಿನವರ ಸ್ಕೂಟರ್ ರಿಪೇರಿ ಮಾಡಿ ಬದುಕಬೇಕಾದವನು.

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡು, ಮಕ್ಕಳನ್ನು ಕೇಳುವ ಹಾಗೆ ಕೇಳಿದರು.

"ಸೆಕ್ರೆಟರಿಯವ್ರೇ, ಇದು ನಿಮ್ಮ ಸಹಿ. ಅವತ್ತು ಇಬ್ರೂ ಇದ್ರಾ?"

"ಇದ್ರಲ್ಲ ಮೇಡಂ."

"ಇಲ್ಲಿ?"

"ಒಬ್ಬ ಇಲ್ಲಿ, ಒಬ್ಬ ಮಿಲ್ಲಲ್ಲಿ."

ಅವರು ಅದನ್ನು ಹೇಳಿದ ರೀತಿಯಲ್ಲಿ ತಡವರಿಕೆ ಇರಲಿಲ್ಲ. ನಮಗೆ ಅರ್ಥವಾಗಲಿಲ್ಲವೆಂದುಕೊಂಡು ವಿವರಿಸಿದರು.

"ಇಲ್ಲಿ ಹಗಲೊತ್ತು ಏನ್ ಕೆಲ್ಸ ಐತೆ? ಇಬ್ರು ಕೂತು ಬೀಡಿ ಸೇದ್ತಾರೆ. ಅಲ್ಲಾದ್ರೆ ಉಪಯೋಗಕ್ಕೆ ಬರ್ತಾನೆ. ಏಜೆನ್ಸಿಯೋನೂ ಆಗ್ಲಿ ಅಂದ. ಎರಡೂ ನಮ್ಮ ಜಾಗಾನೇ ಅಲ್ವಾ?"

"ಮಿಲ್ಲು ನಮ್ದಾ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ಬುಧವಾರ ಇಲ್ಲಿದ್ದ ಒಬ್ಬ ಊಟಕ್ಕೆ ಹೋದಾಗ?" ಎಂದರು ಅಧ್ಯಕ್ಷೆ.

"ಊಟ ಮಾಡ್ಬಾರ್ದಾ ಮೇಡಂ ಪಾಪ?"

"ಸರಿ. ಈಗ ಹೇಳಿದ್ದನ್ನ ನಡಾವಳೀಲಿ ಬರೀರಿ."

ಆಗ ಅವರಿಗೆ ತಿಳಿಯಿತೆಂದು ಕಾಣುತ್ತದೆ. ಪೆನ್ನಿನ ಕ್ಯಾಪು ತೆಗೆದು ಮತ್ತೆ ಹಾಕಿದರು. ಅಧ್ಯಕ್ಷೆ ಕಾದರು. ಮೂವತ್ತು ವರ್ಷ ಡಿಕ್ಟೇಶನ್ ಕೊಟ್ಟವರಿಗೆ ಕಾಯುವುದು ಗೊತ್ತಿರುತ್ತದೆ. ಸೆಕ್ರೆಟರಿ ತಮ್ಮ ಮಾತನ್ನು ತಮ್ಮ ಕೈಯಿಂದಲೇ ಬರೆದರು. ನಂತರ ಒಪ್ಪಂದ ಕೊನೆಗೊಳಿಸುವ ನಿರ್ಣಯಕ್ಕೆ ಕೈಗಳು ಎದ್ದವು. ಬಟ್ಟೆ ಅಂಗಡಿಯವರ ಕೈಯೂ ಎದ್ದಿತು. ಗೆಲ್ಲುವ ಕಡೆ ಯಾವುದೆಂದು ತಿಳಿದ ಮೇಲೆ ಅವರಿಗೆ ವೃತ್ತ ಬೇಕಾಗಲಿಲ್ಲ.

ಒಂದು ತಿಂಗಳ ನೋಟಿಸನ್ನು ಅಧ್ಯಕ್ಷೆ ಸಹಿ ಮಾಡಿ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದರು. ‘ಬಾಗಿಲು ಹಾಕಿದೆ’ ಎಂಬ ಷರಾದೊಂದಿಗೆ ವಾಪಸು ಬಂತು. ತಲುಪದ ನೋಟಿಸಿನ ಮೇಲೆ ತಿಂಗಳು ಎಣಿಸಿದರೆ ಆಮೇಲೆ ತಗಾದೆ ಬರುತ್ತದೆ. ಅಧ್ಯಕ್ಷೆ ಕೈಯಾರೆ ತಲುಪಿಸಲು ನನಗೆ ಅಧಿಕಾರ ಪತ್ರ ಬರೆದುಕೊಟ್ಟರು. ಮೆಕ್ಯಾನಿಕ್ ಗ್ಯಾರೇಜ್ ಮುಚ್ಚಿ ಬೈಕ್ ತೆಗೆದ.

ಮೊಳಕಾಲ್ಮೂರಿನಲ್ಲಿ ಏಜೆನ್ಸಿಯ ಕಚೇರಿ ಒಂದು ರೇಷ್ಮೆ ಸೀರೆ ಅಂಗಡಿಯ ಮಹಡಿಯ ಮೇಲಿತ್ತು. ಬೋರ್ಡಿನಲ್ಲಿ ಮೀಸೆಯ ಕಾವಲುಗಾರನ ಚಿತ್ರ. ಬಾಗಿಲಿಗೆ ಬೀಗವಿರಲಿಲ್ಲ, ಸುಮ್ಮನೆ ಎಳೆದುಕೊಂಡಿತ್ತು. ಒಳಗೆ ಮೇಜು, ಎರಡು ಕುರ್ಚಿ, ಮೂಲೆಯಲ್ಲಿ ಯೂನಿಫಾರ್ಮಿನ ಗಂಟು. ಯಾರೂ ಇಲ್ಲ. ಕೆಳಗೆ ಬಂದು ಸೀರೆ ಅಂಗಡಿಯವರನ್ನು ಕೇಳಿದೆವು.

"ಅವ್ರು ಯಾವಾಗ ಬರ್ತಾರ್ರಿ?"

"ಬರ್ತಾರೆ, ಪೋತಾರೆ. ಮೇಲೆ ಯಾರಾದ್ರೂ ಹತ್ತಿದ್ರೆ ನಾನೇ ನೋಡ್ಕೊಬೇಕು."

"ಅವ್ರು ನಿಮಗೇನಾದ್ರೂ ಕೊಡ್ತಾರಾ?" ಎಂದ ಮೆಕ್ಯಾನಿಕ್.

"ಏಮಿ ಕೊಡ್ತಾರೆ ಬಾಬು. ದೀಪಾವಳಿಗೆ ಕ್ಯಾಲೆಂಡರ್ ಕೊಡ್ತಾರೆ."

ಏಜೆನ್ಸಿಯ ಮಾಲೀಕ ಎರಡು ಗಂಟೆಯ ನಂತರ ಬಂದ. ನೋಟಿಸು ಓದಿ, ಬೇಸರಪಟ್ಟುಕೊಂಡ.

"ನಾವು ಸೆಕ್ರೆಟರಿ ಸಾರ್ ಹೇಳ್ದಂಗೆ ನಡ್ಕೊಂಡ್ವಿ. ಒಬ್ಬನ್ನ ಅಲ್ಲಿ ಹಾಕು ಅಂದ್ರು, ಹಾಕಿದ್ವಿ. ಕಸ್ಟಮರ್ ಹೇಳಿದ್ದೇ ಸರ್ವೀಸು."

"ಕಸ್ಟಮರ್ ಸಂಘ ಕಣ್ರೀ," ಎಂದೆ.

"ಸಂಘ ಅಂದ್ರೆ ಅವ್ರೇ ಅಲ್ವಾ ಸಾರ್?"

ಆ ಪ್ರಶ್ನೆಯನ್ನು ಅವನು ನಿಜವಾಗಿಯೂ ಕೇಳಿದ. ಇಬ್ಬರು ಮಾಲೀಕರು, ಒಬ್ಬನದು ಎಣ್ಣೆ, ಒಬ್ಬನದು ಕಾವಲು. ಸಂಘ ಎಂಬುದೊಂದು ಬೇರೆ ಇದೆ ಎಂದು ಇಬ್ಬರಿಗೂ ಅನ್ನಿಸಿರಲಿಲ್ಲ. ತಲುಪಿದೆ ಎಂದು ಸಹಿ, ಮೊಹರು, ದಿನಾಂಕ ಹಾಕಿಸಿಕೊಂಡೆ. ಮೆಕ್ಯಾನಿಕ್ ಮೂರನ್ನೂ ಬೆರಳಿಟ್ಟು ನೋಡಿದ.

ಆ ಒಂದು ತಿಂಗಳು ಕಾವಲಿನವರು ಇದ್ದ ಅಲ್ಪ ಕೆಲಸವನ್ನೂ ಬಿಟ್ಟರು. ಬಾಗಿಲಿನ ಸದ್ದು ದಿನವೂ ಕೇಳಿತು. ಸೆಕ್ರೆಟರಿ ವಾರ್ಷಿಕ ಸಭೆಯವರೆಗೆ ಹುದ್ದೆಯಲ್ಲೇ ಉಳಿದರು. ಮಿಲ್ಲಿನಲ್ಲಿದ್ದವನನ್ನು ಕೊನೆಗೆ ತಮ್ಮ ಕೆಲಸಕ್ಕೇ ಇಟ್ಟುಕೊಂಡರು. ಅವನ ಹೊಟ್ಟೆಗೇನೂ ಆಗಲಿಲ್ಲ. ಹೊಸ ಏಜೆನ್ಸಿಯ ಲೈಸೆನ್ಸು, ಕಾವಲಿನವರ ಪೊಲೀಸ್ ಪರಿಶೀಲನೆಯ ಕಾಗದ, ಬದಲಿ ಬರುವ ಕ್ರಮ, ಎಲ್ಲವನ್ನೂ ಅಧ್ಯಕ್ಷೆ ಉತ್ತರಪತ್ರಿಕೆ ತಿದ್ದುವಂತೆ ನೋಡಿದರು. ಹಾಜರಿಗೆ ಇನ್ನು ಮುಂದೆ ಇಬ್ಬರ ಸಹಿ ಎಂದಾಯಿತು.

ಹೊಸಬರು ಬಂದ ನಾಲ್ಕನೆಯ ದಿನ ಸೊಸೆ ಚಿಲಕ ಹಾಕದೆ ಬಾಗಿಲು ಮುಂದಕ್ಕೆಳೆದುಕೊಂಡು ಒಳಗೆ ಹೊಲಿಗೆಗೆ ಕೂತರು. ಹಾಗೆ ಮಾಡುವ ಮುಂಚೆ ಗೇಟಿಗೆ ಹೋಗಿ, ಅಲ್ಲಿದ್ದವನಿಗೆ ಅಜ್ಜಿಯ ವಿಷಯ ಹೇಳಿ, ತಾವು ಹೇಳಿದ್ದನ್ನೆಲ್ಲ ಅವನು ತಿರುಗಿ ಹೇಳುವವರೆಗೂ ನಿಂತಿದ್ದರು. ನಾನು ಮೇಲಿನಿಂದ ನೋಡುತ್ತಿದ್ದೆ. ಹನ್ನೊಂದೂಕಾಲಿಗೆ ಅಜ್ಜಿ ಹೊರಟರು. ಗೇಟಿನವನು ಎದ್ದು ಅಡ್ಡ ನಿಂತ.

"ಎಲ್ಲಿಗೆ ಹೊಂಟ್ರಿ ಅಜ್ಜೀ?"

"ಇಸ್ಕೂಲ್‌ಗೆ. ಹುಡುಗ ಕಾಯ್ತಾನೆ."

"ಇಸ್ಕೂಲ್ ಇನ್ನಾ ಬಿಟ್ಟಿಲ್ಲ. ಕೂತ್ಕಳ್ರಿ, ಬಿಟ್ಟ ಮ್ಯಾಲೆ ಹೇಳ್ತೀನಿ."

ಅವರು ಅವನ ಕುರ್ಚಿಯಲ್ಲಿ ಕೂತರು. ಅವನು ನಿಂತ. ಜೊತೆಯವನು ಕೆಳಮನೆಗೆ ಫೋನ್ ಮಾಡಿದ. ಅಜ್ಜಿ ಎದ್ದರು, ಅವನು ಮತ್ತೆ ಕೂರಿಸಿದ. ಹೀಗೆ ಐದಾರು ಸಲ. ನಾನು ಪೇಪರ್ ತರಲು ಕೆಳಗೆ ಇಳಿದಾಗ ಅಜ್ಜಿ ನನ್ನನ್ನು ಕರೆದು ದೂರಿದರು: "ಯೇ ಆದ್ಮಿ ಅಚ್ಛಾ ನಹೀ. ಮೊದಲಿನೋರೇ ಒಳ್ಳೇರು, ಬಿಡ್ತಿದ್ರು."

ಅವನು ಇನ್ನೊಮ್ಮೆ ಫೋನ್ ಮಾಡಿಸಿದ. ಈ ಸಲವೂ ಯಾರೂ ಎತ್ತಲಿಲ್ಲ. ಏನಾಯಿತೋ ಎಂದು ನಾನೇ ಹೋಗಿ ನೋಡಿದೆ. ಬಾಗಿಲು ಅರ್ಧ ತೆರೆದಿತ್ತು. ಹೊಲಿಗೆ ಮಷೀನಿನ ಪಕ್ಕದ ಚಾಪೆಯ ಮೇಲೆ, ಕೈಯಲ್ಲಿ ಅಳತೆಯ ಟೇಪು ಹಾಗೇ ಹಿಡಿದುಕೊಂಡು, ಸೊಸೆ ಗಾಢವಾಗಿ ನಿದ್ದೆ ಹೋಗಿದ್ದರು.

ಎಬ್ಬಿಸಲಿಲ್ಲ. ವಾಪಸು ಗೇಟಿಗೆ ಹೋಗಿ, ಫೋನ್ ಮಾಡುವುದು ಬೇಡ ಎಂದೆ.